ಮೂರು ತಿಂಗಳ ನೋಟಿಸ್ ಯಾರ ಪರವಾಗಿ?

ಶಾಲಾ ವರ್ಷದ ನಡುವೆ ಕೆಲಸ ಬಿಡುವ ಶಿಕ್ಷಕರ ಬಗ್ಗೆ ನಮ್ಮಲ್ಲಿ ಒಂದು ಗಟ್ಟಿಯಾದ ಅಭಿಪ್ರಾಯವಿದೆ. ಜೂನ್‌ನಲ್ಲಿ ತರಗತಿ ಒಪ್ಪಿಕೊಂಡವರು ಏಪ್ರಿಲ್‌ವರೆಗೆ ಅದನ್ನು ನಡೆಸಬೇಕು, ನಡುವೆ ಹೋಗುವುದು ಮಕ್ಕಳನ್ನು ಕೈಬಿಟ್ಟಂತೆ ಎಂಬುದು ಆ ಅಭಿಪ್ರಾಯ. ಇದನ್ನು ಹೇಳುವವರು ಆಡಳಿತ ಮಂಡಳಿಯವರು ಮಾತ್ರ ಅಲ್ಲ. ಪೋಷಕರು ಹೇಳುತ್ತಾರೆ, ಸಹೋದ್ಯೋಗಿಗಳು ಹೇಳುತ್ತಾರೆ, ಬಿಟ್ಟು ಹೋಗುವ ಶಿಕ್ಷಕರೂ ತಮ್ಮೊಳಗೆ ಹೇಳಿಕೊಳ್ಳುತ್ತಾರೆ. ಅದರ ಹಿಂದೆ ನ್ಯಾಯವೂ ಇದೆ. ಕಚೇರಿಯ ಗುಮಾಸ್ತರೊಬ್ಬರು ಹೋದರೆ ಕಡತ ಒಂದು ವಾರ ಕಾಯುತ್ತದೆ. ಎಂಟನೇ ತರಗತಿಯ ಮಗುವಿಗೆ ಆ ವಾರ ಮತ್ತೆ ಬರುವುದಿಲ್ಲ, ಪರೀಕ್ಷೆಯ ದಿನಾಂಕವೂ ಮುಂದಕ್ಕೆ ಹೋಗುವುದಿಲ್ಲ. ಈ ನ್ಯಾಯದ ಬಲದ ಮೇಲೆ ಖಾಸಗಿ ಶಾಲೆಗಳ ನೇಮಕಾತಿ ಪತ್ರಗಳಲ್ಲಿ ಒಂದು ಷರತ್ತು ಕಾಣಿಸಿಕೊಳ್ಳುತ್ತದೆ: ಕೆಲಸ ಬಿಡುವುದಾದರೆ ಮೂರು ತಿಂಗಳ ಮುಂಚೆ ತಿಳಿಸಬೇಕು, ಇಲ್ಲವೇ ಮೂರು ತಿಂಗಳ ಸಂಬಳ ಕಟ್ಟಬೇಕು. ಕೆಲವೆಡೆ ಇನ್ನೂ ಮುಂದೆ ಹೋಗಿ, ಶೈಕ್ಷಣಿಕ ವರ್ಷ ಮುಗಿಯುವ ತನಕ ರಾಜೀನಾಮೆಯನ್ನೇ ಸ್ವೀಕರಿಸುವುದಿಲ್ಲ ಎಂದು ಬರೆದಿರುತ್ತಾರೆ, ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿ ಇಟ್ಟುಕೊಂಡಿರುತ್ತಾರೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಸೇರಿಹೋಗಿವೆ. ಒಂದು, ನೋಟಿಸ್ ಅವಧಿ. ಅದು ಕೆಲಸ ಕೊಟ್ಟವರಿಗೂ ಮಾಡುವವರಿಗೂ ನಡುವಿನ ಕರಾರು. ಇನ್ನೊಂದು, ತರಗತಿಗಳನ್ನು ವಹಿಸಿಕೊಡುವುದು. ಅದು ಹೋಗುವ ಶಿಕ್ಷಕರಿಂದ ಬರುವ ಶಿಕ್ಷಕರಿಗೆ, ಅವರ ಮೂಲಕ ಮಕ್ಕಳಿಗೆ ಸಲ್ಲಬೇಕಾದ ಕೆಲಸ. ಮೊದಲನೆಯದನ್ನು ಉದ್ದ ಮಾಡಿದರೆ ಎರಡನೆಯದು ತಾನಾಗಿ ಆಗುತ್ತದೆ ಎಂದು ನಂಬಿದ್ದೇವೆ. ನನ್ನ ವಾದವೆಂದರೆ, ಮಕ್ಕಳ ಹಿತ ಇರುವುದು ವಹಿಸಿಕೊಡುವುದರಲ್ಲಿ. ನೋಟಿಸಿನ ಉದ್ದಕ್ಕೂ ಅದಕ್ಕೂ ಸಂಬಂಧ ತೀರ ಕಡಿಮೆ, ಕೆಲವೊಮ್ಮೆ ಉದ್ದ ನೋಟಿಸೇ ಮಕ್ಕಳಿಗೆ ಕೆಡುಕು.

ಷರತ್ತಿನ ಎರಡನೆಯ ಅರ್ಧದಿಂದ ಶುರು ಮಾಡೋಣ. 'ಇಲ್ಲವೇ ಮೂರು ತಿಂಗಳ ಸಂಬಳ ಕಟ್ಟಬೇಕು' ಎನ್ನುವ ಮಾತು ಇಡೀ ಷರತ್ತಿನ ಗುಟ್ಟು ಬಿಟ್ಟುಕೊಡುತ್ತದೆ. ಶಿಕ್ಷಕಿ ಇವತ್ತು ಹಣ ಕಟ್ಟಿದರೆ ನಾಳೆಯೇ ಹೋಗಬಹುದು. ಆಗ ಮಕ್ಕಳ ಗತಿ? ಪಾಠ ಎಲ್ಲಿ ನಿಂತಿದೆ ಎಂದು ಯಾರಿಗೂ ಗೊತ್ತಿಲ್ಲ, ತಿದ್ದದ ಉತ್ತರ ಪತ್ರಿಕೆಗಳು ಮೇಜಿನ ಮೇಲಿವೆ, ಆದರೂ ಕರಾರಿನ ಪ್ರಕಾರ ಎಲ್ಲವೂ ಚುಕ್ತಾ. ಹಣ ಹೋಗುವುದು ಸಂಸ್ಥೆಯ ಖಾತೆಗೆ. ಆ ಹಣದಿಂದಲೇ ಬದಲಿ ಶಿಕ್ಷಕರನ್ನು ಇಟ್ಟುಕೊಳ್ಳುತ್ತೇವೆ ಎಂದು ಸಂಸ್ಥೆ ಹೇಳಬಹುದು. ಆದರೆ ಹೋದ ಶಿಕ್ಷಕಿಗೆ ಕೊಡಬೇಕಿದ್ದ ತಿಂಗಳ ಸಂಬಳ ಆಗಲೇ ಉಳಿದಿದೆ, ಬದಲಿಯವರಿಗೆ ಅದು ಸಾಕು. ಮಕ್ಕಳ ಹಕ್ಕನ್ನು ಕಾಯುವ ಷರತ್ತು ಆಗಿದ್ದರೆ ಅದನ್ನು ಹಣಕ್ಕೆ ಬಿಟ್ಟುಕೊಡುವ ಅಧಿಕಾರ ಆಡಳಿತ ಮಂಡಳಿಗೆ ಎಲ್ಲಿಂದ ಬಂತು? ಬಿಟ್ಟುಕೊಡಲು ಬರುತ್ತದೆ ಎಂದರೆ ಅದು ಮಂಡಳಿಯದೇ ಹಕ್ಕು. ಇರಲಿ, ಅದೂ ನ್ಯಾಯವಾದ ಹಕ್ಕೇ. ಬದಲಿಯವರನ್ನು ಹುಡುಕಲು ಯಾರಿಗಾದರೂ ಸಮಯ ಬೇಕು. ಆದರೆ ಅದನ್ನು ಮಕ್ಕಳ ಹೆಸರಿನಲ್ಲಿ ಕೇಳುವುದು ಸರಿಯಲ್ಲ.

ಒಂದು ಉದಾಹರಣೆಯನ್ನು ಕಟ್ಟಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ತಾಲ್ಲೂಕು ಕೇಂದ್ರದ ಅನುದಾನರಹಿತ ಪ್ರೌಢಶಾಲೆಯೊಂದರಲ್ಲಿ ಆರು ವರ್ಷದಿಂದ ಗಣಿತ ಕಲಿಸುತ್ತಿರುವ ಶಿಕ್ಷಕಿ ಇದ್ದಾರೆ ಎಂದುಕೊಳ್ಳಿ. ಎಂಟು, ಒಂಬತ್ತು, ಹತ್ತನೆಯ 'ಎ' ಮತ್ತು 'ಬಿ' ವಿಭಾಗಗಳು, ವಾರಕ್ಕೆ ತಲಾ ಆರರಂತೆ 24 ಅವಧಿ. ನವೆಂಬರ್ ಮೊದಲ ವಾರ ಅವರಿಗೆ ಸರ್ಕಾರಿ ನೇಮಕಾತಿ ಆದೇಶ ಬರುತ್ತದೆ, ವರದಿ ಮಾಡಿಕೊಳ್ಳಲು ಒಂದು ತಿಂಗಳಿದೆ. ಇದು ಅಪರೂಪದ ಕಲ್ಪನೆಯಲ್ಲ. ನಮ್ಮ ರಾಜ್ಯ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದು ಪರೀಕ್ಷೆ ನಡೆಸಿದ್ದು 2022ರಲ್ಲಿ. ಆಯ್ಕೆ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿ, ಆಯ್ಕೆಯಾದವರ ಕೈಗೆ ಆದೇಶ ಸಿಕ್ಕಿದ್ದು 2023ರ ಕೊನೆಯ ತಿಂಗಳುಗಳಲ್ಲಿ, ಅಂದರೆ ಶಾಲಾ ವರ್ಷದ ನಟ್ಟನಡುವೆ. ಅವರಲ್ಲಿ ಖಾಸಗಿ ಶಾಲೆಗಳಲ್ಲಿ ದುಡಿಯುತ್ತಿದ್ದವರಿಗೆ ಏಪ್ರಿಲ್‌ವರೆಗೆ ಕಾಯುವ ಆಯ್ಕೆಯನ್ನು ಕೊಟ್ಟವರು ಯಾರು? ವರ್ಷದ ನಡುವೆ ಹೋಗಬಾರದು ಎನ್ನುವ ನೀತಿಯನ್ನು ಶಿಕ್ಷಕರಿಗೆ ಬೋಧಿಸುವ ಸಮಾಜವೇ ವರ್ಷದ ನಡುವೆ ಅವರನ್ನು ಕರೆಯುತ್ತದೆ.

ಈಗ ಕ್ಯಾಲೆಂಡರ್ ಮುಂದಿಟ್ಟುಕೊಳ್ಳೋಣ. ಪತ್ರ ಕೊಟ್ಟದ್ದು ನವೆಂಬರ್ 3ಕ್ಕೆ. ಮೂರು ತಿಂಗಳ ಷರತ್ತನ್ನು ಅಕ್ಷರಶಃ ಪಾಲಿಸಿದರೆ ಅವರು ಬಿಡುಗಡೆಯಾಗುವುದು ಫೆಬ್ರುವರಿ 3ಕ್ಕೆ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳು ನಡೆಯುವ ಹೊತ್ತು ಅದು. ಎಸ್ಸೆಸ್ಸೆಲ್ಸಿ ಮುಖ್ಯ ಪರೀಕ್ಷೆಗೆ ಉಳಿಯುವುದು ಕೆಲವೇ ವಾರ. ಆ ಹೊತ್ತಿಗೆ ಬರುವ ಹೊಸಬರಿಗೆ ಮಕ್ಕಳ ಹೆಸರು ಕಲಿಯುವುದರೊಳಗೆ ಪುನರಾವರ್ತನೆ ಮುಗಿದಿರುತ್ತದೆ. ಬದಲಿಗೆ ಡಿಸೆಂಬರ್ 3ಕ್ಕೆ ಬಿಟ್ಟರೆ ಹೊಸ ಶಿಕ್ಷಕರಿಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಸಿಗುತ್ತದೆ, ಪಠ್ಯದ ಕೊನೆಯ ಅಧ್ಯಾಯಗಳನ್ನು ಅವರೇ ಕಲಿಸಿ, ಅವರೇ ಪುನರಾವರ್ತನೆ ಮಾಡಿಸಬಹುದು. ಮಕ್ಕಳ ದೃಷ್ಟಿಯಿಂದ ಒಂದು ತಿಂಗಳ ನೋಟಿಸ್ ಮೂರು ತಿಂಗಳದ್ದಕ್ಕಿಂತ ಮೇಲು. ನೋಟಿಸ್ ಎಷ್ಟು ಉದ್ದ ಎನ್ನುವುದಕ್ಕಿಂತ ಅದು ವರ್ಷದ ಯಾವ ಬಿಂದುವಿನಲ್ಲಿ ಮುಗಿಯುತ್ತದೆ ಎನ್ನುವುದು ಮುಖ್ಯ. ಒಂದು ಮೌಲ್ಯಮಾಪನ ಮುಗಿದು ಅಂಕಗಳು ದಾಖಲಾದ ಮೇಲೆ, ಮುಂದಿನ ಘಟಕ ಶುರುವಾಗುವ ಮುನ್ನ ಹೋಗುವುದು ಒಳ್ಳೆಯದು. ದಸರಾ ರಜೆ ಕಳೆದು, ಸಂಕಲನಾತ್ಮಕ ಮೌಲ್ಯಮಾಪನ ಒಂದರ ಲೆಕ್ಕ ತೀರಿದ ಮೇಲಿನ ಕೆಲವು ವಾರಗಳು ಈ ದೃಷ್ಟಿಯಿಂದ ವರ್ಷದಲ್ಲೇ ಸಲೀಸಾದ ಕಾಲ. ಅಳೆದು ನೋಡದೆ 'ಮೂರು ತಿಂಗಳು' ಎನ್ನುವ ಕರಾರಿಗೆ ಈ ವ್ಯತ್ಯಾಸ ಗೊತ್ತೇ ಇಲ್ಲ.

ನೆರೆಯ ಮಹಾರಾಷ್ಟ್ರದ ನಿಯಮಗಳನ್ನು ಬರೆದವರಿಗೆ ಇದರ ಸುಳಿವಿತ್ತು ಎನ್ನಿಸುತ್ತದೆ. ಅಲ್ಲಿನ ಖಾಸಗಿ ಶಾಲಾ ನೌಕರರ ಕಾಯ್ದೆ 1977ರದು, ಅದರ ನಿಯಮಾವಳಿ 1981ರದು. ಅಕ್ಕಲಕೋಟೆ, ಜತ್ತ ಭಾಗದ ಕನ್ನಡ ಮಾಧ್ಯಮದ ಖಾಸಗಿ ಶಾಲೆಗಳ ಶಿಕ್ಷಕರೂ ಅದರಡಿ ಬರುತ್ತಾರೆ. ಕಾಯಂ ನೌಕರರು ಮೂರು ತಿಂಗಳ, ಕಾಯಂ ಅಲ್ಲದವರು ಒಂದು ತಿಂಗಳ ನೋಟಿಸ್ ಕೊಡಬೇಕು ಎನ್ನುತ್ತದೆ ಆ ನಿಯಮ. ನೋಟಿಸ್‌ಗೆ ಬದಲಾಗಿ ಹಣ ಕಟ್ಟುವುದಾದರೆ ಭತ್ಯೆಗಳನ್ನು ಬಿಟ್ಟು ವೇತನವಷ್ಟೇ ಲೆಕ್ಕ. ಆಮೇಲೆ ಬರುವುದು ಕುತೂಹಲದ ಮಾತು: ರಜೆಯ ಸವಲತ್ತು ಇರುವ ನೌಕರರು ರಜೆಯಲ್ಲಾಗಲಿ, ರಜೆಯ ಯಾವುದೇ ಭಾಗ ಒಳಗೊಳ್ಳುವಂತಾಗಲಿ ನೋಟಿಸ್ ಕೊಡುವಂತಿಲ್ಲ. ಮೊದಲ ಅವಧಿ ಆರಂಭವಾದ ಒಂದು ತಿಂಗಳೊಳಗೂ ಕೊಡುವಂತಿಲ್ಲ. ನಿಯಮ ಎಣಿಸುತ್ತಿರುವುದು ತಿಂಗಳುಗಳನ್ನಷ್ಟೇ ಅಲ್ಲ, ಪಾಠ ನಡೆಯುವ ದಿನಗಳನ್ನೂ. ಬೇಸಿಗೆ ರಜೆಯಲ್ಲಿ ಕರಗಿಹೋಗುವ ನೋಟಿಸ್‌ನಿಂದ ಯಾರಿಗೂ ಉಪಯೋಗವಿಲ್ಲ ಎಂದು ಅದು ಒಪ್ಪಿಕೊಂಡಿದೆ. ಕಾಯಂ ಆದವರಿಗೂ ಆಗದವರಿಗೂ ಬೇರೆ ಬೇರೆ ಅವಧಿ ಇಟ್ಟಿರುವುದರಲ್ಲೂ ಒಂದು ತತ್ವವಿದೆ. ಭದ್ರತೆ ಎಷ್ಟು ಕೊಟ್ಟಿದ್ದೀರೋ ಅಷ್ಟೇ ಬದ್ಧತೆ ಕೇಳಿ. ನಮ್ಮ ಎಷ್ಟೋ ಶಾಲೆಗಳಲ್ಲಿ ನೇಮಕಾತಿ ಜೂನ್‌ನಿಂದ ಮಾರ್ಚ್‌ವರೆಗೆ ಮಾತ್ರ, ಏಪ್ರಿಲ್ ಮೇ ಸಂಬಳವಿಲ್ಲ, ಮುಂದಿನ ಜೂನ್‌ಗೆ ಕರೆದರೆ ಬರಬೇಕು. ಹತ್ತು ತಿಂಗಳ ಕೆಲಸಕ್ಕೆ ಮೂರು ತಿಂಗಳ ನೋಟಿಸ್ ಕೇಳುವವರು, ತಾವು ಕೆಲಸದಿಂದ ತೆಗೆಯುವಾಗ ಎಷ್ಟು ದಿನದ ನೋಟಿಸ್ ಕೊಡುತ್ತೇವೆ ಎಂದೂ ಅದೇ ಹಾಳೆಯಲ್ಲಿ ಬರೆಯಲಿ.

ಇಲ್ಲಿ ಬರುವ ಬಲವಾದ ಆಕ್ಷೇಪಣೆಯನ್ನು ಮರೆಮಾಚುವಂತಿಲ್ಲ. ಕರಾರಿಗೆ ಸಹಿ ಹಾಕಿದವರು ಅದನ್ನು ಪಾಲಿಸಬೇಕಲ್ಲವೇ? ಇತ್ತೀಚೆಗೆ, 2025ರ ಮೇ ತಿಂಗಳಲ್ಲಿ, ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಷರತ್ತನ್ನು ಎತ್ತಿಹಿಡಿಯಿತು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ಕಟ್ಟಬೇಕೆಂಬ ಕರಾರು ಊರ್ಜಿತ ಎಂದಿತು. ಆದರೆ ಅದರ ಕಾರಣಗಳನ್ನು ಓದಬೇಕು. ಸಾರ್ವಜನಿಕ ವಲಯದ ಬ್ಯಾಂಕು ಬಹಿರಂಗ ಸ್ಪರ್ಧೆಯ ಮೂಲಕ ನೇಮಕ ಮಾಡಬೇಕು, ನಡುವೆ ಒಬ್ಬರು ಹೋದರೆ ಆ ದುಬಾರಿ ಪ್ರಕ್ರಿಯೆಯನ್ನು ಮತ್ತೆ ನಡೆಸಬೇಕು, ಆ ಹಿನ್ನೆಲೆಯಲ್ಲಿ ಮೊತ್ತ ವಿಪರೀತವೇನಲ್ಲ ಎಂಬುದು ತರ್ಕ. ಗೇಟಿಗೆ 'ಶಿಕ್ಷಕರು ಬೇಕಾಗಿದ್ದಾರೆ' ಎಂದು ಬ್ಯಾನರ್ ಕಟ್ಟಿ ಮರುದಿನ ಡೆಮೊ ಕ್ಲಾಸ್ ತೆಗೆದುಕೊಳ್ಳುವ ಶಾಲೆಗೆ ಆ ಖರ್ಚು ಎಲ್ಲಿದೆ? 1872ರ ಕರಾರು ಕಾಯ್ದೆಯ 74ನೇ ಕಲಮು, ಕರಾರಿನಲ್ಲಿ ಬರೆದ ಮೊತ್ತವನ್ನು ಪರಿಹಾರದ ಗರಿಷ್ಠ ಮಿತಿ ಎಂದು ನೋಡುತ್ತದೆ. ನ್ಯಾಯಾಲಯ ಕೊಡಿಸುವುದು ಅದರೊಳಗಿನ ಸಮಂಜಸ ಪರಿಹಾರವನ್ನು. ಇನ್ನು, ಇಷ್ಟವಿಲ್ಲದವರಿಂದ ಪಾಠ ಮಾಡಿಸಲು ಯಾವ ನ್ಯಾಯಾಲಯವೂ ಆದೇಶಿಸುವುದಿಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ಜಾರಿ ಮಾಡಿಸಲು ಬರುವುದಿಲ್ಲ ಎಂಬುದು ನಿರ್ದಿಷ್ಟ ಪರಿಹಾರ ಕಾಯ್ದೆಯ ಹಳೆಯ ತತ್ವ. ನ್ಯಾಯಾಲಯ ಮಾಡದ ಬಲವಂತವನ್ನು ಮೂಲ ಅಂಕಪಟ್ಟಿ ಇಟ್ಟುಕೊಂಡು ಮಾಡುವುದು ಕರಾರಿನ ಪಾಲನೆಯಲ್ಲ, ಒತ್ತೆ. ಹಣದ ಬಾಕಿ ಇದ್ದರೆ ಕೇಳಲಿ, ದಾವೆ ಹೂಡಲಿ. ಪದವಿ ಪ್ರಮಾಣಪತ್ರ ಸಾಲದ ಅಡವಲ್ಲ.

ಇದರ ಜೊತೆಗೇ ತೇಲಿಬರುವ ಇನ್ನೊಂದು ಹೆದರಿಕೆಯನ್ನೂ ಬಗೆಹರಿಸಿಬಿಡಬಹುದು. ನಡುವೆ ಬಿಟ್ಟರೆ ಗ್ರಾಚ್ಯುಟಿ ಹೋಯಿತು ಎನ್ನುತ್ತಾರೆ. ಹಾಗಿಲ್ಲ. ಖಾಸಗಿ ಶಾಲೆಯ ಶಿಕ್ಷಕರೂ ಗ್ರಾಚ್ಯುಟಿಗೆ ಅರ್ಹರು ಎಂದು 2009ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು, 1997ರಿಂದಲೇ ಅದು ಅನ್ವಯ ಎಂದಾಯಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಐದು ವರ್ಷ ಸತತ ಸೇವೆಯಾಗಿದ್ದರೆ ರಾಜೀನಾಮೆ ಕೊಟ್ಟವರಿಗೂ ಅದು ಸಲ್ಲುತ್ತದೆ. ನಮ್ಮ ಉದಾಹರಣೆಯ ಶಿಕ್ಷಕಿಯ ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದಾಗ ವರ್ಷಕ್ಕೆ 15,000, ಆರು ವರ್ಷಕ್ಕೆ 90,000. ಗ್ರಾಚ್ಯುಟಿ ತಡೆಹಿಡಿಯಲು ಬರುವುದು ಗಂಭೀರ ದುರ್ನಡತೆಯ ಕೆಲವೇ ಕಾರಣಗಳಿಗೆ ವಜಾ ಆದವರಿಗೆ ಮಾತ್ರ. ನವೆಂಬರ್‌ನಲ್ಲಿ ಕೆಲಸ ಬಿಡುವುದು ಆ ಪಟ್ಟಿಯಲ್ಲಿಲ್ಲ.

ಇಷ್ಟು ಹೇಳಿದ ಮೇಲೆ ಶಿಕ್ಷಕರ ಕಡೆಯ ಗೊಂದಲವನ್ನೂ ಹೇಳಬೇಕು, ಅದೇನು ಸಣ್ಣದಲ್ಲ. ನೋಟಿಸ್ ಒಂದು ಕರಾರು ಮಾತ್ರ ಎಂದು ಅರಿತವರಲ್ಲಿ ಹಲವರು ಕರಾರು ತೀರಿದರೆ ಹೊಣೆಯೂ ತೀರಿತು ಎಂದುಕೊಳ್ಳುತ್ತಾರೆ. ಒಂದು ತಿಂಗಳ ನೋಟಿಸ್ ಕೊಟ್ಟು, ಉಳಿದ ರಜೆಯನ್ನೆಲ್ಲ ಅದರೊಳಗೆ ತುಂಬಿ, ಕೊನೆಯ ದಿನ ಬೀರುವಿನ ಕೀಲಿ ಕೊಟ್ಟು ಹೋಗುವವರಿದ್ದಾರೆ. ಸಂಬಳವಾದ ಮರುದಿನ ಮುಖ್ಯೋಪಾಧ್ಯಾಯರಿಗೆ ವಾಟ್ಸಾಪ್ ಸಂದೇಶ ಹಾಕಿ ಮೊಬೈಲ್ ಆರಿಸಿಬಿಡುವವರೂ ಇದ್ದಾರೆ. ಆಡಳಿತ ಮಂಡಳಿ ಮೂರು ತಿಂಗಳ ಸಂಬಳ ಪಡೆದು ಸುಮ್ಮನಾದಾಗ ಮಾಡುವ ತಪ್ಪನ್ನೇ ಇವರೂ ಮಾಡುತ್ತಾರೆ. ಇಬ್ಬರ ಲೆಕ್ಕದಲ್ಲೂ ಮಕ್ಕಳಿಲ್ಲ. ಮಂಡಳಿ ಕೆಟ್ಟದಾಗಿ ನಡೆಸಿಕೊಂಡಿತು ಎನ್ನುವುದು ಬೇಗ ಹೋಗಲು ಕಾರಣವಾದೀತು, ಪುಸ್ತಕ ತಿದ್ದದೆ ಹೋಗಲು ಕಾರಣವಾಗದು.

ಹಾಗಾದರೆ ತರಗತಿ ವಹಿಸಿಕೊಡುವುದು ಎಂದರೇನು? 'ಎಂಟನೇ ಅಧ್ಯಾಯದವರೆಗೆ ಆಗಿದೆ' ಎಂದು ಒಂದು ಚೀಟಿ ಬರೆಯುವುದಲ್ಲ. ಆಗಿದೆ ಎನ್ನುವ ಮಾತೇ ಮೋಸಗೊಳಿಸುವಂಥದ್ದು. ಪಾಠ ಮಾಡಿ ಆಗಿರಬಹುದು, ಮಕ್ಕಳಿಗೆ ಹಿಡಿದಿದೆಯೇ? ನಮ್ಮ ಗಣಿತ ಶಿಕ್ಷಕಿ ಹತ್ತನೆಯ 'ಬಿ' ವಿಭಾಗಕ್ಕೆ ವರ್ಗ ಸಮೀಕರಣ ಮುಗಿಸಿದ್ದಾರೆ. ಸೂತ್ರ ವಿಧಾನ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಋಣ ಚಿಹ್ನೆಯ ಸಹಗುಣಕ ಬಂದರೆ ಅರ್ಧ ತರಗತಿ ತಪ್ಪುತ್ತದೆ, ಅಪವರ್ತನ ವಿಧಾನದಲ್ಲಿ ಮಧ್ಯಪದ ಒಡೆಯುವುದು ಹತ್ತು ಹನ್ನೆರಡು ಮಕ್ಕಳಿಗೆ ಇನ್ನೂ ಬಂದಿಲ್ಲ. ತ್ರಿಕೋನಮಿತಿಯ ಅನುಪಾತಗಳು ಆಗಿವೆ, ಎತ್ತರ ಮತ್ತು ದೂರದ ಲೆಕ್ಕಗಳು ಶುರುವಾಗಿಲ್ಲ. ಮೊದಲನೆಯದು ಗಟ್ಟಿಯಾಗದೆ ಎರಡನೆಯದು ನಿಲ್ಲುವುದಿಲ್ಲ, ಇವುಗಳ ನಡುವೆ ಶಿಕ್ಷಕರು ಬದಲಾದರೆ ಹೊಸಬರು ಮಕ್ಕಳಿಗೆ ಬರುತ್ತದೆ ಎಂದು ನಂಬಿ ಮುಂದೆ ಸಾಗಿಬಿಡುತ್ತಾರೆ. ಇದನ್ನು ಪಾಠ ಯೋಜನೆಯ ಪುಸ್ತಕ ಹೇಳುವುದಿಲ್ಲ, ಏಕೆಂದರೆ ಅದು ಬಹಳ ಸಲ ತಪಾಸಣೆಗೆಂದು ಬರೆದದ್ದು. ತರಗತಿಯಲ್ಲಿ ನಿಂತವರಿಗೆ ಮಾತ್ರ ಗೊತ್ತಿರುವ ಇಂಥ ಸಂಗತಿಗಳನ್ನು ತರಗತಿಗೊಂದು ಹಾಳೆಯಂತೆ ಬರೆದಿಡಬೇಕು. ನನ್ನ ಲೆಕ್ಕದಲ್ಲಿ ಆ ಹಾಳೆಯಲ್ಲಿ ಇರಬೇಕಾದದ್ದು ಇಷ್ಟು:

1. ಪಾಠ ನಿಂತ ಸ್ಥಳ, ಅಭ್ಯಾಸದ ಸಂಖ್ಯೆ ಸಹಿತ. ಜೊತೆಗೆ, ಮಾಡಿದ್ದರೂ ಮಕ್ಕಳಿಗೆ ಹಿಡಿಯದ ಭಾಗಗಳು.

2. ಅಂಕಗಳ ಸ್ಥಿತಿ. ಯಾವ ರೂಪಣಾತ್ಮಕ ಮೌಲ್ಯಮಾಪನದ ಅಂಕ ಸ್ಯಾಟ್ಸ್‌ನಲ್ಲಿ ದಾಖಲಾಗಿದೆ, ಯಾವುದು ಬಾಕಿ, ಚಟುವಟಿಕೆಗಳ ಪುರಾವೆ ಎಲ್ಲಿದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಮಗುವಿನ ಕೆಲಸ ನೋಡದ ಹೊಸಬರು ಅದನ್ನು ಅಂದಾಜಿನಲ್ಲಿ ತುಂಬುವಂತಾಗಬಾರದು.

3. ವಿಶೇಷ ಗಮನ ಬೇಕಾದ ಮಕ್ಕಳು ಯಾರು, ಏಕೆ. ಇದನ್ನು ಮುಖ್ಯೋಪಾಧ್ಯಾಯರ ಕೈಗೆ ಬೇರೆಯಾಗಿ ಕೊಡುವುದು ಲೇಸು. ಮನೆಯ ಕಷ್ಟದ ವಿಷಯ ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಬಿದ್ದಿರಬಾರದು.

ಕೀಲಿ, ಗ್ರಂಥಾಲಯದ ಪುಸ್ತಕ, ಹಾಜರಿ ಪುಸ್ತಕ ಇವೆಲ್ಲ ಹೇಗೂ ಚಾರ್ಜ್ ಪಟ್ಟಿಯಲ್ಲಿ ಬರುತ್ತವೆ. ನಮ್ಮ ಶಾಲೆಗಳು ಅದನ್ನು ಮಾತ್ರ ಕಟ್ಟುನಿಟ್ಟಾಗಿ ಕೇಳುತ್ತವೆ ಎನ್ನುವುದು ವಿಚಿತ್ರ. ಜ್ಯಾಮಿತಿ ಪೆಟ್ಟಿಗೆ ಕಾಣೆಯಾದರೆ ಬಿಡುಗಡೆ ಪತ್ರ ನಿಲ್ಲುತ್ತದೆ, ತ್ರಿಕೋನಮಿತಿ ಎಲ್ಲಿ ನಿಂತಿದೆ ಎಂದು ಕೇಳುವವರಿಲ್ಲ. ಹಾಳೆ ಬರೆದ ಮೇಲೆ ಎರಡು ಮೂರು ದಿನ ಬರುವವರು, ಅವರು ಇನ್ನೂ ಸಿಗದಿದ್ದರೆ ಆ ತರಗತಿ ನೋಡಿಕೊಳ್ಳುವ ಸಹೋದ್ಯೋಗಿ, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡಬೇಕು. ಇಷ್ಟಕ್ಕೆ ಒಂದು ತಿಂಗಳು ಧಾರಾಳ. ನಾಲ್ಕು ವಾರದಲ್ಲಿ ನೂರರ ಹತ್ತಿರ ಅವಧಿಗಳು ಸಿಗುತ್ತವೆ, ಹಿಡಿಯದ ಭಾಗಗಳನ್ನು ಮತ್ತೊಮ್ಮೆ ಮಾಡಿಸಲೂ ಅದು ಸಾಕು. ಎರಡು ವಾರದ ಕೆಳಗೆ ಇಳಿದರೆ ಮಾತ್ರ ತಿದ್ದುವ ಕೆಲಸ ಉಳಿದುಬಿಡುತ್ತದೆ, ನನಗೆ ಅದು ಒಪ್ಪಿಗೆಯಿಲ್ಲ.

ಬದಲಿಯವರು ಒಂದು ತಿಂಗಳಲ್ಲಿ ಸಿಗುವುದಿಲ್ಲ, ಅದರಲ್ಲೂ ಗಣಿತ, ವಿಜ್ಞಾನಕ್ಕೆ ಎನ್ನುವ ದೂರು ಸುಳ್ಳಲ್ಲ. ಆದರೆ ಹುಡುಕಾಟ ಶುರುವಾಗುವುದು ಯಾವಾಗ? ಪತ್ರ ಬಂದ ದಿನ ಶುರುವಾಗುವುದಿಲ್ಲ. ಮೊದಲು ಮನವೊಲಿಸುವ ವಾರ, ಆಮೇಲೆ ಗದರಿಸುವ ವಾರ, ಆಮೇಲೆ ಅಧ್ಯಕ್ಷರು ಊರಲ್ಲಿಲ್ಲದ ವಾರ. ರಾಜೀನಾಮೆ ಸ್ವೀಕರಿಸಿಲ್ಲ ಎನ್ನುವ ಧೈರ್ಯದಲ್ಲಿ ಅವಧಿ ಕಳೆಯುತ್ತದೆ. ನೋಟಿಸ್ ಉದ್ದವಾದಷ್ಟೂ ಈ ಧೈರ್ಯ ಹೆಚ್ಚು. ಶಿಕ್ಷಕರ ಕಡೆಯಿಂದಲೂ ಅದರ ಪರಿಣಾಮ ಕೆಟ್ಟದ್ದೇ. ಮೂರು ತಿಂಗಳು ಮುಂಚೆ ಹೇಳಿದರೆ ಕಿರುಕುಳ, ಹೇಳದಿದ್ದರೆ ದಂಡ ಎಂದಾದಾಗ ಹೆಚ್ಚಿನವರು ದಂಡದ ಅಪಾಯವನ್ನೇ ಆರಿಸಿಕೊಂಡು ಕೊನೆಯ ಕ್ಷಣದವರೆಗೆ ಬಾಯಿ ಬಿಡುವುದಿಲ್ಲ. ಮುಂಚಿತವಾಗಿ ತಿಳಿಯಲಿ ಎಂದು ಮಾಡಿದ ಷರತ್ತು ತಿಳಿಯದಂತೆ ಮಾಡುತ್ತದೆ.

ಪತ್ರವನ್ನು ಹೇಗೆ ಬರೆಯಬೇಕು ಎನ್ನುವುದೂ ಇದರಿಂದಲೇ ಹೊರಡುತ್ತದೆ. ವಾಡಿಕೆಯ ರಾಜೀನಾಮೆ ಪತ್ರ ಅರ್ಧ ಕ್ಷಮೆ, ಅರ್ಧ ಕೃತಜ್ಞತೆ. ಕಾರಣದ ವಿವರಣೆಗೆ ಒಂದು ಪುಟ, ತರಗತಿಗಳ ಬಗ್ಗೆ ಒಂದು ಸಾಲೂ ಇಲ್ಲ. ಕಾರಣ ಹೇಳಬೇಕಾದ ಅಗತ್ಯವೇ ಇಲ್ಲ, ಅದು ಚರ್ಚೆಗೆ ಬಾಗಿಲು ತೆರೆಯುತ್ತದೆ ಅಷ್ಟೇ. ನಮ್ಮ ಶಿಕ್ಷಕಿಯ ಪತ್ರ ಸುಮಾರಾಗಿ ಹೀಗಿದ್ದರೆ ಸಾಕು:

"ಗೆ, ಕಾರ್ಯದರ್ಶಿಗಳು, ಆಡಳಿತ ಮಂಡಳಿ. ಮೂಲಕ: ಮುಖ್ಯೋಪಾಧ್ಯಾಯರು. ಮಾನ್ಯರೇ, ವೈಯಕ್ತಿಕ ಕಾರಣಗಳಿಂದ ಗಣಿತ ಶಿಕ್ಷಕಿಯ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ. ಡಿಸೆಂಬರ್ 3ರಂದು ಶಾಲಾ ಅವಧಿ ಮುಗಿದ ಮೇಲೆ ಇದು ಜಾರಿಗೆ ಬರುವಂತೆ ಅಂಗೀಕರಿಸಲು ಕೋರುತ್ತೇನೆ. ನೇಮಕಾತಿ ಪತ್ರದ ನೋಟಿಸ್ ಅವಧಿಗಿಂತ ಇದು ಕಡಿಮೆಯಿರುವುದು ನನಗೆ ತಿಳಿದಿದೆ. ಆ ಬಗ್ಗೆ ಮಾತನಾಡಿ ತೀರ್ಮಾನಿಸಿಕೊಳ್ಳಲು ಸಿದ್ಧಳಿದ್ದೇನೆ. ನಾಲ್ಕು ತರಗತಿಗಳ ವಿವರವಾದ ಟಿಪ್ಪಣಿಯನ್ನು ನವೆಂಬರ್ 20ರೊಳಗೆ ಒಪ್ಪಿಸುತ್ತೇನೆ. ನವೆಂಬರ್ 30ರೊಳಗೆ ಎಲ್ಲ ಮೌಲ್ಯಮಾಪನದ ಅಂಕಗಳನ್ನು ದಾಖಲಿಸಿ, ಪುಸ್ತಕಗಳನ್ನು ತಿದ್ದಿ ಹಿಂತಿರುಗಿಸುತ್ತೇನೆ. ಕೊನೆಯ ವಾರ ಹೊಸ ಶಿಕ್ಷಕರು ನನ್ನ ತರಗತಿಗಳಲ್ಲಿ ಕುಳಿತುಕೊಳ್ಳಲು ಅನುಕೂಲ ಮಾಡಿಕೊಡಬೇಕಾಗಿ ವಿನಂತಿ. ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ ಮತ್ತು ಗ್ರಾಚ್ಯುಟಿಯನ್ನು ನಿಯಮಾನುಸಾರ ನೀಡಬೇಕೆಂದು ಪ್ರಾರ್ಥನೆ."

ಇದರಲ್ಲಿ ದಿನಾಂಕಕ್ಕೆ ವಿಶೇಷ ಅರ್ಥವಿದೆ. 'ತಕ್ಷಣ ಜಾರಿಗೆ ಬರುವಂತೆ' ಎಂದು ಸಿಟ್ಟಿನಲ್ಲಿ ಬರೆಯುವುದಕ್ಕೂ ಮುಂದಿನ ಒಂದು ದಿನಾಂಕ ನಮೂದಿಸುವುದಕ್ಕೂ ಬಹಳ ವ್ಯತ್ಯಾಸ. ಮುಂದಿನ ದಿನಾಂಕದಿಂದ ಜಾರಿಯಾಗುವ ರಾಜೀನಾಮೆಯನ್ನು ಆ ದಿನ ಬರುವ ಮೊದಲು ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1978ರಲ್ಲಿ, ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ರಾಜೀನಾಮೆಯ ಪ್ರಕರಣದಲ್ಲೇ ಹೇಳಿತು. ನೌಕರಿಯ ವಿಷಯದಲ್ಲೂ ಸಾಮಾನ್ಯವಾಗಿ ಇದೇ ತತ್ವ, ನೇಮಕಾತಿಯ ನಿಯಮ ಬೇರೆ ಹೇಳದಿದ್ದರೆ. ಪತ್ರದ ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕೃತಿಯ ಸಹಿ, ಮುದ್ರೆ, ದಿನಾಂಕ ಪಡೆಯಬೇಕು. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಇದೆ. ತರಗತಿ ಟಿಪ್ಪಣಿಗೂ ಹೀಗೆಯೇ ಎರಡು ಪ್ರತಿ. ನಾಳೆ ಸಂಸ್ಥೆ 'ಮಕ್ಕಳನ್ನು ಕೈಬಿಟ್ಟು ಹೋದರು' ಎಂದರೆ ಉತ್ತರ ಕೊಡುವುದು ಆ ಪ್ರತಿಯೇ.

ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೆ ಒಂದು ಮಾತು. ಮುಂದಿನ ಜೂನ್‌ಗೆ ನೇಮಕಾತಿ ಪತ್ರಗಳನ್ನು ಅಚ್ಚು ಹಾಕಿಸುವಾಗ ಮೂರು ತಿಂಗಳ ಸಾಲನ್ನು ತೆಗೆದು, ಪಾಠ ನಡೆಯುವ ಇಪ್ಪತ್ತೈದು ದಿನಗಳ ನೋಟಿಸ್ ಎಂದು ಬರೆಯಿರಿ, ತರಗತಿ ಟಿಪ್ಪಣಿ ಒಪ್ಪಿಸುವುದನ್ನು ಅದರ ಷರತ್ತಾಗಿಸಿ. ನೋಟಿಸ್ ಬದಲು ಹಣ ಕಟ್ಟಿ ಹೋಗುವವರಿಗೂ ಆ ಟಿಪ್ಪಣಿಯಿಂದ ವಿನಾಯಿತಿ ಕೊಡಬೇಡಿ.